ಕೊಸರು ಹಾಕಿದ ತೂಕ

ರಕ್ತನಿಧಿಯ ಕಟ್ಟೆಯ ಮುಂದೆ ಅಂದು ಎಲ್ಲರಿಗಿಂತ ಮೊದಲು ಹೋಗಿ ನಿಂತವರು ದ್ರಾಕ್ಷಾಯಣಮ್ಮ. ಸೊಸೆ ರಶ್ಮಿತಾಗೆ ತವರು ಹರಿಹರದಲ್ಲಿ ಬೆಳಿಗ್ಗೆ ಹೆರಿಗೆಯಾಗಿತ್ತು. ಹೆಣ್ಣು ಮಗು, ಆರೋಗ್ಯವಾಗಿತ್ತು. ತಾಯಿಗೆ ಮಾತ್ರ ರಕ್ತಸ್ರಾವ ನಿಲ್ಲಲಿಲ್ಲ. ಆಂಬುಲೆನ್ಸಿನಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ತಂದರು. ಮೂರು ಬಾಟಲಿ ರಕ್ತ ಬೇಕಾಗುತ್ತದೆ, ಮನೆಯವರು ಯಾರಾದರೂ ಕೊಡುವುದಾದರೆ ಒಳ್ಳೆಯದು ಎಂದು ವೈದ್ಯರು ಹೇಳಿದರು.

‘ನಂದು ತಗೋರಿ,’ ಎಂದು ದ್ರಾಕ್ಷಾಯಣಮ್ಮ ಕುಪ್ಪಸದ ತೋಳು ಮೇಲೇರಿಸಿದರು.

ಅಲ್ಲಿನ ತಂತ್ರಜ್ಞ ಮಂಜುನಾಥ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ. ನಲವತ್ತೊಂದು ಕೆಜಿ ಮುನ್ನೂರು ಗ್ರಾಂ.

‘ಬರಲ್ಲ ಅಮ್ಮ. ನಲವತ್ತೈದಾದ್ರೂ ಇರ್ಬೇಕು.’

‘ನಾಕು ಕೆಜಿಗೇನು ಬಂತಪ್ಪ? ನಾನು ಗಟ್ಟಿ ಇದೀನಿ.’

‘ನೀವು ಗಟ್ಟಿ ಇರಬಹುದು. ಕೊಟ್ಟ ಮೇಲೆ ಇಲ್ಲೇ ತಲೆ ತಿರುಗಿ ಬಿದ್ರೆ ಮೊದಲು ನಿಮ್ಮನ್ನ ಎತ್ಬೇಕಾಗ್ತದೆ. ಬೇರೆ ಯಾರಾದ್ರೂ ಬರ್ರಿ.’

ಮಗ ಬಸವಕಿರಣ್ ಕೊಟ್ಟ. ಪಕ್ಕದ ಮನೆಯ ಹನುಮೇಶ್ ಕೊಟ್ಟ. ಮಂಡಕ್ಕಿ ಭಟ್ಟಿಯಿಂದ ಬೂದಿ ಮೆತ್ತಿದ ಅಂಗಿಯಲ್ಲೇ ಓಡಿ ಬಂದ ಕರೀಂ ಸಾಬ್ ಕೊಟ್ಟರು. ದ್ರಾಕ್ಷಾಯಣಮ್ಮ ಗೋಡೆ ಪಕ್ಕದ ಬೆಂಚಿನ ಮೇಲೆ ಮೂವರ ಚಪ್ಪಲಿ ಕಾದುಕೊಂಡು ಕೂತಿದ್ದರು. ಸೊಸೆ ಬದುಕಿದಳು. ಮನೆಗೆ ಬಂದ ಮೇಲೆ ಅವರು ದೇವರ ಮುಂದೆ ಕೂತು ಹೇಳಿದ್ದು ಒಂದೇ ಮಾತು: ಈ ಕೂಸಿಗೆ ಒಂದು ವರ್ಷ ತುಂಬುವ ದಿನ ನಾನೂ ಯಾರಿಗಾದರೂ ಕೊಟ್ಟು ಬರುತ್ತೇನೆ.

ಆಗ ಅವರಿಗೆ ಐವತ್ತೆರಡು. ಎತ್ತರ ಐದು ಅಡಿ. ಮದುವೆಯಲ್ಲಿ ಕೊಟ್ಟ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಗಂಡ ಬಕ್ಕೇಶಪ್ಪನವರದು ಹಳೇ ಪೇಟೆಯಲ್ಲಿ ಮಂಡಕ್ಕಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಚೀಲಗಟ್ಟಲೆ ಒಯ್ಯುವವರಿಗೆ ಕಾಟಾ ಮೇಲಿಟ್ಟು ತೂಗುವುದು, ಚಿಲ್ಲರೆ ಗಿರಾಕಿಗೆ ಸೇರಿನಲ್ಲಿ ಅಳೆಯುವುದು. ಅಳತೆ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಬೊಗಸೆ ಕೊಸರು. ಕೊಸರು ಹಾಕದೆ ಬಕ್ಕೇಶಪ್ಪನವರ ಕೈ ಗಿರಾಕಿಯನ್ನು ಕಳಿಸಿದ್ದಿಲ್ಲ. ದ್ರಾಕ್ಷಾಯಣಮ್ಮ ಮಧ್ಯಾಹ್ನ ಅಂಗಡಿಯಲ್ಲಿ ಕೂರುತ್ತಿದ್ದರು. ಹೊಸ ಮಾಲು ಬಂದರೆ ಗರಿಗರಿ ನೋಡಲು ಒಂದು ಹಿಡಿ, ಸುಮ್ಮನೆ ಕೂತಾಗ ಒಂದು ಹಿಡಿ. ಬಾಯಿ ಆಡುತ್ತಲೇ ಇರುತ್ತಿತ್ತು. ಮನೆಯವರೆಲ್ಲ ಅದಕ್ಕೇ ನಂಬಿದ್ದರು: ಅವ್ವ ತಿನ್ನುವುದಕ್ಕೇನೂ ಕಮ್ಮಿಯಿಲ್ಲ, ಮೈಗೆ ಹತ್ತುವುದಿಲ್ಲ ಅಷ್ಟೇ.

ರಶ್ಮಿತಾ ಬಾಣಂತನ ಮುಗಿಸಿ ಐದು ತಿಂಗಳ ಕೂಸಿನೊಂದಿಗೆ ಬಂದಾಗ ಹರಕೆಯ ಸಂಗತಿ ಗೊತ್ತಾಯಿತು. ಮನೆ ತುಂಬ ಉತ್ಸಾಹ ಎದ್ದಿತು. ಬಸವಕಿರಣ್ ಊಟಕ್ಕೆ ಕೂತಾಗಲೆಲ್ಲ ಅವ್ವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಎಸೆಯುತ್ತಿದ್ದ. ಬಕ್ಕೇಶಪ್ಪ ಅನ್ನದ ಮೇಲೆ ಅನ್ನ ಬಡಿಸುತ್ತಿದ್ದರು. ರಶ್ಮಿತಾ ಬೆಳಗಿನ ತಿಂಡಿಗೆ ಮೂರು ದೋಸೆ ಹಾಕಿ ಎದುರಿಗೆ ಕೂರುತ್ತಿದ್ದಳು.

ದ್ರಾಕ್ಷಾಯಣಮ್ಮನಿಗೆ ಆ ಗಂಗಾಳ ನೋಡಿದರೆ ಹೆದರಿಕೆಯಾಗತೊಡಗಿತು. ಅವರ ಮನೆತನದಲ್ಲಿ ಊಟವೆಂದರೆ ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ. ಕೊನೆಗೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ಅವರು ಮೂವತ್ತು ವರ್ಷಗಳಿಂದ ಹಾಗೇ ಎದ್ದವರು. ಈಗ ಮುಗಿಸಲಾಗದ್ದನ್ನು ಮುಗಿಸಿ, ತೊಳೆದು ಕುಡಿದು, ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಎರಡು ಸಲ ವಾಂತಿಯಾಯಿತು. ಮಧ್ಯಾಹ್ನದ ಭಾರ ಇಳಿಯದೆ ರಾತ್ರಿ ಊಟ ಬಿಡುತ್ತಿದ್ದರು. ಒಂದು ತಿಂಗಳಾದ ಮೇಲೆ ಅಂಗಡಿಯ ಕಾಟಾ ಮೇಲೆ ನಿಂತರೆ ನಲವತ್ತು ಎಂಟುನೂರು. ಅರ್ಧ ಕೆಜಿ ಹೋಗಿತ್ತು.

‘ಉಣ್ಸಿ ಉಣ್ಸಿ ಕರಗ್ಸಿದ್ರಲ್ಲ,’ ಎಂದು ಅವರು ನಕ್ಕರು. ನಗು ಅರ್ಧಕ್ಕೆ ನಿಂತಿತು. ‘ಬಿಡ್ರಿ ಇನ್ನ. ನನ್ನ ಮೈಯೇ ಇಷ್ಟು.’

ರಶ್ಮಿತಾ ಬಿಡಲಿಲ್ಲ. ತನಗೆ ಹೆರಿಗೆ ಸಮಯದಲ್ಲಿ ರಕ್ತ ಕೊಡಲಾಗದ್ದಕ್ಕೆ ಈ ಹೆಂಗಸು ಇನ್ನೂ ನೋಯುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಮೊದಲು ವೈದ್ಯರ ಬಳಿ ಕರೆದೊಯ್ದಳು. ಸಕ್ಕರೆ, ಥೈರಾಯ್ಡ್, ಎದೆಯ ಎಕ್ಸ್‌ರೇ, ಮಲ ಪರೀಕ್ಷೆ ಎಲ್ಲ ಆಯಿತು. ಕಾಯಿಲೆ ಏನೂ ಇಲ್ಲ. ಹಿಮೋಗ್ಲೋಬಿನ್ ಮಾತ್ರ ಹನ್ನೊಂದು. ಕಬ್ಬಿಣಾಂಶದ ಮಾತ್ರೆ ಬರೆದು, ‘ತೂಕಕ್ಕೆ ಔಷಧಿ ಬ್ಯಾಡ, ಊಟದ ಲೆಕ್ಕ ಸರಿ ಮಾಡಿಸ್ಕೊಳ್ರಿ,’ ಎಂದು ಕೆಳಗಿನ ಮಹಡಿಯ ಆಹಾರ ತಜ್ಞೆ ಅಂಬಿಕಾ ಬಳಿ ಕಳಿಸಿದರು.

ಅಂಬಿಕಾ ಲೋಕಿಕೆರೆಯ ರೈತರ ಮನೆಯ ಹುಡುಗಿ. ಮೊದಲ ದಿನ ಆಕೆ ಏನೂ ಹೇಳಲಿಲ್ಲ, ಕೇಳಿದಳು ಅಷ್ಟೇ. ಎಷ್ಟು ಗಂಟೆಗೆ ಏಳ್ತೀರಿ, ಮೊದಲು ಬಾಯಿಗೆ ಏನು ಹೋಗ್ತದೆ, ಯಾವಾಗ.

‘ಐದಕ್ಕೆ ಏಳ್ತೀನಿ. ಲಿಂಗಪೂಜೆ ಆಗೋವರೆಗೂ ಏನಿಲ್ಲವ್ವ. ಎಲ್ರೂ ತಿಂದು ಹೋದ ಮೇಲೆ ಒಂಬತ್ತೂವರೆಗೆ ಪೂಜೆ.’

‘ಎದ್ದಿದ್ದು ಐದಕ್ಕೆ. ಅಂದ್ರೆ ನಾಕೂವರೆ ತಾಸು ಖಾಲಿ. ಸೋಮವಾರ?’

‘ಒಪ್ಪತ್ತು.’

‘ಊಟಕ್ಕೆ ಮುಂಚೆ ನೀರು?’

‘ಒಂದು ತಂಬಿಗೆ. ಆಮೇಲೆ ಗಂಗಾಳ ತೊಳ್ದು ಒಂದು ಲೋಟ.’

ಅಂಬಿಕಾ ಬರೆಯುವುದನ್ನು ನಿಲ್ಲಿಸಿದಳು. ‘ಗಂಗಾಳ ಎಷ್ಟು ದೊಡ್ಡದು?’

ದ್ರಾಕ್ಷಾಯಣಮ್ಮ ಎರಡೂ ಕೈಯಲ್ಲಿ ತೋರಿಸಿದರು.

‘ಅದನ್ನ ನೋಡೇ ನಿಮ್ಮ ಹೊಟ್ಟೆ ತುಂಬಿರ್ತದೆ ಬಿಡ್ರಿ. ಮಧ್ಯೆ ಏನು ತಿಂತೀರಿ?’

‘ಅಂಗಡ್ಯಾಗೆ ಮಂಡಕ್ಕಿ ಐತಲ್ಲ. ದಿನಾ ನಾಕು ಬಟ್ಟಲು ಆಗ್ತದೆ. ಕಡಿಮಿ ತಿನ್ನಲ್ಲ ನಾನು.’

ಅಂಬಿಕಾ ನಗಲಿಲ್ಲ. ‘ಅಮ್ಮ, ನಿಮ್ಮ ಆಳುದ್ದದ ಮಂಡಕ್ಕಿ ಚೀಲ ಎಷ್ಟು ತೂಗ್ತದೆ?’

‘ಎಂಟು ಕೆಜಿ ದಾಟಲ್ಲ. ಒಂದೇ ಕೈಯಾಗೆ ಎತ್ತಿ ಒಗೀತೀವಿ.’

‘ಅದೇ ಚೀಲದಲ್ಲಿ ಶೇಂಗಾ ತುಂಬಿದ್ರೆ?’

ಮೂವತ್ತು ವರ್ಷ ಮಂಡಕ್ಕಿ ಮಾರಿದ ದ್ರಾಕ್ಷಾಯಣಮ್ಮನಿಗೆ ಇದನ್ನು ಇನ್ನೊಬ್ಬರು ವಿವರಿಸಬೇಕಿರಲಿಲ್ಲ. ಒಂದು ಬಟ್ಟಲು ಮಂಡಕ್ಕಿಯೆಂದರೆ ಒಂದು ಹಿಡಿ ಶೇಂಗಾದ ಅರ್ಧ ಶಕ್ತಿಯೂ ಅಲ್ಲ. ಜಾಗ ಮಾತ್ರ ಅದರ ನಾಲ್ಕು ಪಾಲು ಹಿಡಿಯುತ್ತದೆ. ‘ಅಯ್ಯೋ,’ ಎಂದರು ಮೆಲ್ಲಗೆ. ‘ಗೋದಾಮಿನ ತುಂಬ ಗಾಳಿ ತುಂಬಿಟ್ಟಿದೀನಿ.’

‘ಹಸಿವು ಕೆಟ್ಟಿದ್ದು ನಿಮ್ಮ ತಪ್ಪಲ್ಲ. ಹೊಟ್ಟೆ ಸಣ್ಣದು, ಅಷ್ಟೇ. ಅದಕ್ಕೆ ದೊಡ್ಡ ಊಟ ತುರುಕೋದು ಬ್ಯಾಡ. ಸಣ್ಣ ಊಟ, ಗಟ್ಟಿ ಊಟ, ಆರು ಹೊತ್ತು.’ ಅಂಬಿಕಾ ರಶ್ಮಿತಾಳ ತೊಡೆಯ ಮೇಲಿದ್ದ ಕೂಸಿನ ಕಡೆ ನೋಡಿದಳು. ‘ಇವಳಿಗೆ ಅನ್ನ ಶುರು ಮಾಡಿದೀರಾ?’

‘ಮೊನ್ನೆಯಿಂದ. ಬೇಳೆ, ಅನ್ನ, ತುಪ್ಪ. ಎರಡೆರಡು ಚಮಚ,’ ಎಂದಳು ರಶ್ಮಿತಾ.

‘ಒಂದೇ ಸಲಕ್ಕೆ ಬಟ್ಟಲು ತುಂಬ ತಿನ್ನಿಸ್ತೀರಾ? ಇಲ್ಲ. ಅತ್ತೆಗೂ ಅದೇ ಲೆಕ್ಕ.’

ಆ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ, ಕೂಸಿನ ಲಸಿಕೆ ಕಾರ್ಡಿನ ಪಕ್ಕ ಅಂಟಿತು. ಪೂಜೆ ಬೆಳಿಗ್ಗೆ ಆರಕ್ಕೆ ಸರಿಯಿತು. ಅದಕ್ಕೆ ದ್ರಾಕ್ಷಾಯಣಮ್ಮ ಎರಡು ದಿನ ಯೋಚಿಸಿ, ಮುಂಜಾನೆಯ ಪೂಜೆಯೇ ಒಳ್ಳೆಯದೆಂದು ತಾವೇ ತೀರ್ಮಾನಿಸಿದರು. ಆರೂವರೆಗೆ ಗಟ್ಟಿ ಹಾಲು, ಅದಕ್ಕೆ ಎರಡು ಚಮಚ ಹಾಲಿನ ಪುಡಿ, ಎರಡು ಖರ್ಜೂರ. ಎಂಟೂವರೆಗೆ ಒಂದೇ ದೋಸೆ, ಮೇಲೆ ಬೆಣ್ಣೆ. ಹನ್ನೊಂದಕ್ಕೆ ಬಾಳೆಹಣ್ಣು, ಶೇಂಗಾ ಉಂಡೆ. ಮಧ್ಯಾಹ್ನ ತುಪ್ಪ ಸವರಿದ ಒಂದು ರೊಟ್ಟಿ, ಕಾಳಿನ ಪಲ್ಯ, ಒಂದು ಸೌಟು ಅನ್ನ, ಗಟ್ಟಿ ಮೊಸರು. ನಾಲ್ಕೂವರೆಗೆ ಹಾಲಿನಲ್ಲಿ ಕಾಸಿದ ರಾಗಿ ಮಾಲ್ಟ್‌ಗೆ ಶೇಂಗಾ ಪುಡಿ. ಏಳೂವರೆಗೆ ಮತ್ತೆ ಸಣ್ಣ ಊಟ. ಮಲಗುವ ಮುಂಚೆ ಬೇಕೆನಿಸಿದರೆ ಅರ್ಧ ಲೋಟ ಹಾಲು. ನೀರು ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆ ಬಿಟ್ಟು. ಮಧ್ಯೆ ಗಂಟಲು ಒಣಗಿದರೆ ಒಂದೆರಡು ಗುಟುಕು. ಕಬ್ಬಿಣದ ಮಾತ್ರೆ ಹಾಲು, ಚಹಾದಿಂದ ದೂರ. ಸೋಮವಾರದ ಒಪ್ಪತ್ತನ್ನು ಅವರು ಬಿಡಲಾರರೆಂದಾಗ ಅಂಬಿಕಾ ಹಟ ಹಿಡಿಯಲಿಲ್ಲ: ಉಪವಾಸಕ್ಕೆ ನಡೆಯುವ ಹಾಲು, ಬಾಳೆಹಣ್ಣು, ಶೇಂಗಾ ಅದೇ ಅದೇ ಹೊತ್ತಿಗೆ ತಪ್ಪದಿದ್ದರೆ ಸಾಕು.

ಗಂಗಾಳ ಅಟ್ಟ ಏರಿತು. ರಶ್ಮಿತಾ ಕೂಸಿನ ತೊಟ್ಟಿಲ ಶಾಸ್ತ್ರದಲ್ಲಿ ಬಂದ ಸಣ್ಣ ಸ್ಟೀಲ್ ತಟ್ಟೆಗಳಲ್ಲಿ ಎರಡನ್ನು ತೆಗೆದಳು, ಒಂದು ಮೊಮ್ಮಗಳಿಗೆ, ಒಂದು ಅಜ್ಜಿಗೆ. ತೊಳೆದು ಕುಡಿಯುವುದಕ್ಕೂ ಈಗ ಎರಡು ಚಮಚ ನೀರು ಸಾಕಿತ್ತು. ಮೊದಲ ವಾರದಲ್ಲೇ ದ್ರಾಕ್ಷಾಯಣಮ್ಮ ತಟ್ಟೆಗೆ ಹೆದರುವುದನ್ನು ಬಿಟ್ಟರು. ಮುಗಿಸಲಾಗುವಷ್ಟೇ ಇತ್ತು. ಮುಗಿಸಿ ಏಳುತ್ತಿದ್ದರು.

ಅಡುಗೆಮನೆಯಲ್ಲಿ ಅಜ್ಜಿ, ಮೊಮ್ಮಗಳು ಎದುರುಬದುರು ಕೂರುತ್ತಿದ್ದರು. ಕೂಸು ಬಾಯಿ ಮುಚ್ಚಿದರೆ ಅಜ್ಜಿ, ‘ನೋಡವ್ವ, ನಾನು ತಿಂದೆ,’ ಎಂದು ತುಪ್ಪದ ಅನ್ನದ ತುತ್ತು ತೋರಿಸುತ್ತಿದ್ದರು. ಅಜ್ಜಿ ಬಾಯಿ ಮುಚ್ಚಿದರೆ ರಶ್ಮಿತಾ, ‘ಅತ್ತಿ, ಅದು ನೋಡ್ತೈತಿ,’ ಎನ್ನುತ್ತಿದ್ದಳು.

ಬರೀ ಕೊಬ್ಬು ಬರದೆ ಕೈಕಾಲಿಗೆ ಬಲವೂ ಬರಲೆಂದು ಅಂಬಿಕಾ ದಿನಕ್ಕೆ ಹತ್ತು ಸಲ ಕುರ್ಚಿಯಿಂದ ಕೈ ಊರದೆ ಏಳುವುದು, ಎರಡೂ ಕೈಯಲ್ಲಿ ಒಂದೊಂದು ಕೆಜಿ ಎತ್ತಿ ಇಳಿಸುವುದು ಹೇಳಿದ್ದಳು. ಹಳೆ ತಕ್ಕಡಿಯ ಒಂದು ಕೆಜಿ ಕಬ್ಬಿಣದ ಕಲ್ಲುಗಳು ಅಂಗಡಿಯ ಮೂಲೆಯಲ್ಲಿದ್ದವು. ಮಧ್ಯಾಹ್ನ ಗಿರಾಕಿ ಇಲ್ಲದಾಗ ದ್ರಾಕ್ಷಾಯಣಮ್ಮ ಗಾದಿ ಪಕ್ಕ ನಿಂತು ಅವನ್ನು ಎತ್ತುತ್ತಿದ್ದರು. ಚೀಲ ಇಳಿಸಲು ಬಂದ ಕರೀಂ ಸಾಬ್ ಒಮ್ಮೆ ಬಾಗಿಲಲ್ಲೇ ನಿಂತರು.

‘ಏನ್ ಭಾಭಿ, ಕುಸ್ತಿಗೆ ಹೆಸರು ಕೊಟ್ಟಿದೀರಾ?’

‘ಕೊಟ್ಟೀನಿ. ಮೊದಲ ಜೋಡಿ ನೀವೇ.’

‘ತೌಬಾ! ನನ್ನ ಅರ್ಧ ರಕ್ತ ನಿಮ್ಮ ಸೊಸೆ ಹತ್ರ ಐತಿ, ಇನ್ನರ್ಧದಾಗೆ ಹೆಂಗೆ ಹಿಡೀಲಿ?’

ತೂಕ ನೋಡುವುದು ಗುರುವಾರ ಬೆಳಿಗ್ಗೆ, ಪೂಜೆಗೂ ಮುಂಚೆ, ಶೌಚಕ್ಕೆ ಹೋಗಿ ಬಂದು, ಅದೇ ನೂಲಿನ ಸೀರೆಯಲ್ಲಿ. ಅಂಗಡಿಯ ಕಾಟಾದ ಅಂಕಿ ಗಾದಿಯ ಕಡೆಗೆ ಮುಖ ಮಾಡಿದೆ. ನಿಂತವರಿಗೆ ಕಾಣುವುದಿಲ್ಲ. ಬಕ್ಕೇಶಪ್ಪ ಗಾದಿಯಲ್ಲಿ ಕೂತು ಕನ್ನಡಕ ಏರಿಸಿ ಓದಿ ಹೇಳುತ್ತಿದ್ದರು. ನಲವತ್ತೊಂದು ನೂರು. ನಲವತ್ತೊಂದು ಮುನ್ನೂರು. ಒಂದು ವಾರ ಅಲ್ಲೇ. ಮತ್ತೆ ನಲವತ್ತೊಂದು ಏಳುನೂರು. ಎಂಟನೇ ವಾರ ನಲವತ್ತೆರಡೂವರೆ. ರಶ್ಮಿತಾ ಲಸಿಕೆ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದಳು, ಕೂಸಿನದು ಒಂದು ಸಾಲು, ಅಜ್ಜಿಯದು ಒಂದು ಸಾಲು.

ಒಂಬತ್ತನೇ ವಾರ ಜ್ವರ ಬಂತು. ನಾಲ್ಕು ದಿನ ಗಂಜಿ. ಗುರುವಾರ ಬಕ್ಕೇಶಪ್ಪ ಇದ್ದದ್ದನ್ನೇ ಓದಿದರು: ನಲವತ್ತೊಂದು ಒಂಬೈನೂರು. ದ್ರಾಕ್ಷಾಯಣಮ್ಮ ಇಳಿದು ಒಳಗೆ ಹೋದರು. ಅಂದು ನಾಲ್ಕೂವರೆಯ ಮಾಲ್ಟ್ ಹಾಗೇ ಆರಿತು. ಮರುದಿನವೂ ಆರಿತು. ‘ಎರಡು ತಿಂಗಳು ತಿಂದಿದ್ದು ನಾಕು ದಿನಕ್ಕೆ ಹೋದ್ರೆ ತಿಂದೇನು ಮಾಡ್ಲಿ,’ ಎಂದು ಮಲಗಿದರು. ಲೋಟದ ಮೇಲೆ ಕೆನೆ ಕಟ್ಟಿದ್ದನ್ನು ಬಕ್ಕೇಶಪ್ಪ ನೋಡಿದರು.

ಮುಂದಿನ ಗುರುವಾರದಿಂದ ತೂಕ ಮತ್ತೆ ಏರತೊಡಗಿತು. ನಲವತ್ತೆರಡು ನಾಲ್ಕುನೂರು. ಎಂಟುನೂರು. ನಲವತ್ತಮೂರೂವರೆ. ದ್ರಾಕ್ಷಾಯಣಮ್ಮ ಕಾಟಾದಿಂದ ಇಳಿದು, ಪೂಜೆ ಮುಗಿದ ಕೂಡಲೇ ಹಾಲಿನ ಲೋಟ ಕೇಳಿ ಕುಡಿಯುತ್ತಿದ್ದರು. ಬಳೆ ಮೊಣಕೈಗಿಂತ ಕೆಳಗೇ ನಿಲ್ಲುತ್ತಿತ್ತು. ಕೂಸು ಗೋಡೆ ಹಿಡಿದು ನಿಂತಿತು. ಅಂಬಿಕಾ ಬಳಿ ಹೋದಾಗಲೆಲ್ಲ ಆಕೆ ಕಾರ್ಡು ನೋಡಿ, ‘ನಲವತ್ತೈದು ಮುಟ್ಟಿದ ಕೂಡ್ಲೆ ಓಡಬ್ಯಾಡ್ರಿ. ಮೇಲೆ ಒಂದು ಕೆಜಿ ಇರ್ಲಿ, ರಕ್ತನೂ ಹನ್ನೆರಡೂವರೆ ದಾಟಿರ್ಲಿ,’ ಎನ್ನುತ್ತಿದ್ದಳು. ಹುಟ್ಟುಹಬ್ಬದ ಹಿಂದಿನ ಗುರುವಾರ ಬಕ್ಕೇಶಪ್ಪ ಓದಿದ್ದು ನಲವತ್ತಾರು ನೂರು.

ಹುಟ್ಟುಹಬ್ಬದ ಬೆಳಿಗ್ಗೆ ಕೂಸಿಗೆ ಹೊಸ ಲಂಗ ತೊಡಿಸಿ, ದ್ರಾಕ್ಷಾಯಣಮ್ಮ, ರಶ್ಮಿತಾ, ಬಸವಕಿರಣ್ ರಕ್ತನಿಧಿಗೆ ಹೋದರು. ಬಕ್ಕೇಶಪ್ಪ ಅಂಗಡಿ ಬಿಡಲಾಗದು ಎಂದರು. ಅದು ದ್ರಾಕ್ಷಾಯಣಮ್ಮನಿಗೆ ವಿಚಿತ್ರವೆನಿಸಿತು. ಮಂಜುನಾಥನಿಗೆ ಅವರ ನೆನಪಿತ್ತು. ಫಾರಂ ತುಂಬಿಸಿ ಅದೇ ತೂಕದ ಯಂತ್ರ ತೋರಿಸಿದ.

‘ನಲವತ್ನಾಕು ಆರುನೂರು.’

‘ಇನ್ನೊಂದು ಸಲ ನೋಡಪ್ಪ.’

ಇಳಿದು ಹತ್ತಿದರು. ನಲವತ್ತನಾಲ್ಕು ಆರುನೂರು. ಬಸವಕಿರಣ್ ಯಂತ್ರವೇ ಕೆಟ್ಟಿದೆ ಎಂದ. ತಾನು ನಿಂತು ನೋಡಿದ, ಸರಿಯಾಗಿತ್ತು.

‘ನಾನೂರು ಗ್ರಾಂ ಅಲ್ಲೇನಪ್ಪ,’ ಎಂದು ದ್ರಾಕ್ಷಾಯಣಮ್ಮ ಕೇಳಿದರು. ‘ಎರಡು ಲೋಟ ನೀರು ಕುಡಿದು ಬಂದ್ರೆ?’

ಮಂಜುನಾಥ ಫಾರಂ ಪಕ್ಕಕ್ಕಿಟ್ಟ. ‘ನೀರು ಕುಡಿದ್ರೆ ಯಂತ್ರ ಒಪ್ಪಬಹುದು. ನಿಮ್ಮ ಮೈ ಒಪ್ಪಬೇಕಲ್ಲಮ್ಮ. ಹೋದ ವರ್ಷ ನಲವತ್ತೊಂದಿದ್ರಿ. ಇಲ್ಲಿ ತನಕ ಬಂದೋರು ಇನ್ನೆರಡು ತಿಂಗಳು ಬಿಟ್ಟು ಬರ್ರಿ. ನಾನು ಇಲ್ಲೇ ಇರ್ತೀನಿ.’

ಮನೆಗೆ ಬಂದು ಅವರು ಕೂಸಿಗೆ ಆರತಿ ಎತ್ತಿದರು, ಬಂದವರಿಗೆ ಹೋಳಿಗೆ ಬಡಿಸಿದರು. ತಮ್ಮ ಸಣ್ಣ ತಟ್ಟೆ ತೆಗೆಯಲಿಲ್ಲ. ಸಂಜೆ ಅಂಗಡಿಗೆ ಹೋಗಿ ಕಾಟಾದ ಪಕ್ಕ ನಿಂತರು.

‘ಏನ್ರೀ, ಇದು ಕೆಟ್ಟೈತಾ?’

ಬಕ್ಕೇಶಪ್ಪ ಸೇರನ್ನು ಮಂಡಕ್ಕಿಯ ರಾಶಿಯಲ್ಲಿ ಊರಿ ಕೂತಿದ್ದರು. ‘ಕಾಟಾ ಕೆಟ್ಟಿಲ್ಲ.’

‘ಮತ್ತೆ?’

‘ಕೊಸರು ಹಾಕಿದೆ.’

ದ್ರಾಕ್ಷಾಯಣಮ್ಮನಿಗೆ ತಕ್ಷಣ ತಿಳಿಯಲಿಲ್ಲ.

‘ಜ್ವರ ಬಂದಾಗ ತೂಕ ಇಳೀತು ಅಂತ ಮಾಲ್ಟ್ ಬಿಟ್ಟೆಯಲ್ಲ. ಮುಂದಿನ ವಾರ ಇನ್ನೂರು ಗ್ರಾಂ ಕೂಡಿಸಿ ಹೇಳ್ದೆ. ಎರಡು ಲೋಟ ಕುಡಿದಿ. ಅದರ ಮುಂದಿನ ವಾರ ಸ್ವಲ್ಪಾನೇ ಏರಿತ್ತು, ಮತ್ತೊಂದಿಷ್ಟು ಕೂಡಿಸ್ದೆ. ಒಂದು ಸಲ ಹಾಕಿದ ಮೇಲೆ ವಾಪಸ್ ತೆಗಿಯೋದು ಹೆಂಗೆ? ಹಂಗೇ ಒಂದೂವರೆ ಕೆಜಿ ಆಗೋಯ್ತು.’ ಅವರ ದನಿ ಸಣ್ಣದಾಯಿತು. ‘ಹುಟ್ಟುಹಬ್ಬದೊಳಗೆ ನಿಜವಾಗ್ಲೂ ಆಗಿಬಿಡ್ತದೆ ಅನ್ಕೊಂಡಿದ್ದೆ, ದ್ರಾಕ್ಷಾಯಣಿ.’

‘ಅದಕ್ಕೇ ಇವತ್ತು ಬರ್ಲಿಲ್ಲ ನೀವು.’

‘ಅದಕ್ಕೇ.’

ದ್ರಾಕ್ಷಾಯಣಮ್ಮ ಚೀಲಕ್ಕೆ ಒರಗಿದರು. ಮಂಡಕ್ಕಿ ಒಳಗೆ ಸರಕ್ಕೆಂದು ಜರುಗಿತು. ಇಷ್ಟು ವರ್ಷ ಈ ಮನುಷ್ಯ ಊರಿಗೆಲ್ಲ ಬೊಗಸೆ ಎತ್ತಿ ಹಾಕುವುದನ್ನು ಅವರು ನೋಡಿದ್ದರು. ಸಿಟ್ಟು ಬಂತು. ಆದರೆ ಸಿಟ್ಟಿನ ಜೊತೆಗೇ, ಆರಿದ ಆ ಎರಡು ಲೋಟಗಳನ್ನು ಇವರು ಲೆಕ್ಕವಿಟ್ಟಿದ್ದರೆಂಬುದೂ ಹೊಳೆಯಿತು.

‘ಗಿರಾಕಿಗೆ ಹಾಕೋ ಕೊಸರಾದ್ರೆ ಚೀಲದಾಗೆ ಇರ್ತೈತಿ. ನನಗೆ ಹಾಕಿದ್ದು ಎಲ್ಲೈತಿ?’ ಎಂದರು.

ಬಕ್ಕೇಶಪ್ಪ ಸೇರನ್ನು ರಾಶಿಯಿಂದ ತೆಗೆದು ಬದಿಗಿಟ್ಟರು.

‘ನನ್ನ ಮ್ಯಾಲೆ ನಿಮಗೆ ನಂಬಿಕೆ ಇರ್ಲಿಲ್ಲ. ಏಳ್ರಿ. ಆ ಕಾಟಾ ಈ ಕಡೆ ತಿರುಗ್ಸ್ರಿ.’

ಅವರು ಎದ್ದು, ಚೀಲ ಸರಿಸಿ, ಕಾಟಾವನ್ನು ತಿರುಗಿಸಿದರು. ಅಂಕಿ ಈಗ ನಿಂತವರ ಕಡೆಗಿತ್ತು. ಮೂಲೆಯ ಒಂದು ಕೆಜಿ ಕಲ್ಲನ್ನು ಇಟ್ಟು ಪರೀಕ್ಷಿಸಿದರು. ಒಂದು ಕೆಜಿ. ಒಳಗಿನಿಂದ ರಶ್ಮಿತಾ ಸಣ್ಣ ತಟ್ಟೆಯಲ್ಲಿ ಅರ್ಧ ಹೋಳಿಗೆ, ಮೇಲೆ ತುಪ್ಪ ಹಾಕಿ ತಂದಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

‘ಅತ್ತಿ, ಕಾರ್ಡಿನಾಗೆ ತಿದ್ದೀನಿ. ಶುರು ಮಾಡಿದಾಗ ನಲವತ್ತು ಎಂಟುನೂರು. ಇವತ್ತು ನಲವತ್ನಾಕು ಆರುನೂರು. ಮೂರು ಕೆಜಿ ಎಂಟುನೂರು ಖರೇ ಬಂದೈತಿ. ಅದಕ್ಕೆ ಮಾವ ಏನೂ ಹಾಕಿಲ್ಲ.’

ದ್ರಾಕ್ಷಾಯಣಮ್ಮ ಹೋಳಿಗೆ ತಿಂದರು. ತಟ್ಟೆಗೆ ಎರಡು ಚಮಚ ನೀರು ಹಾಕಿ ತೊಳೆದು ಕುಡಿದರು.

ಅಂಬಿಕಾ ಸಂಗತಿ ಕೇಳಿ ಬಕ್ಕೇಶಪ್ಪನವರನ್ನೇ ಕರೆಸಿದಳು. ಬೈಯಲಿಲ್ಲ. ಸುಳ್ಳು ಅಂಕಿಯನ್ನು ನಂಬಿ ತಾನೂ ಪಟ್ಟಿ ಬದಲಿಸದೆ ಬಿಟ್ಟೆ, ಏರಿಕೆ ನಿಧಾನವಾದಾಗಲೇ ಒಂದಿಷ್ಟು ಸೇರಿಸಬೇಕಿತ್ತು ಎಂದು ವಿವರಿಸಿದಳು. ಹನ್ನೊಂದರ ಉಂಡೆ ಎರಡಾಯಿತು. ರಾತ್ರಿಯ ಪಲ್ಯಕ್ಕೆ ಪನೀರ್ ಬಂತು. ಮಲಗುವ ಮುಂಚಿನ ಹಾಲು ಖಾಯಂ ಆಯಿತು. ಅದನ್ನು ಕಾಸಿ ಕೊಡುವ ಕೆಲಸ ಬಕ್ಕೇಶಪ್ಪನವರದು. ಮೊದಲ ದಿನ ಉಕ್ಕಿಸಿದರು. ಆಮೇಲೆ ಕಲಿತರು.

ಗುರುವಾರಗಳಂದು ಇಬ್ಬರೂ ಅಂಕಿ ನೋಡುತ್ತಿದ್ದರು. ಒಂದು ವಾರ ನೂರು ಗ್ರಾಂ ಇಳಿದಿತ್ತು. ಬಕ್ಕೇಶಪ್ಪ ಹೆಂಡತಿಯ ಮುಖ ನೋಡಿದರು. ‘ಮುಂದಿನ ವಾರ ಐತೆ ಬಿಡ್ರಿ,’ ಎಂದು ಆಕೆ ಇಳಿದು ಪೂಜೆಗೆ ಹೋದರು.

ಒಂಬತ್ತು ವಾರಗಳ ನಂತರ, ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ ಬಕ್ಕೇಶಪ್ಪ ಅಂಗಡಿಗೆ ಬೀಗ ಹಾಕಿ ಹೆಂಡತಿಯೊಂದಿಗೆ ಹೊರಟರು. ರಕ್ತನಿಧಿಯ ಯಂತ್ರ ನಲವತ್ತಾರು ಇನ್ನೂರು ತೋರಿಸಿತು. ಬೆರಳಿಗೆ ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಎಂಟು. ಬಿಪಿ ಸರಿ. ಮಂಜುನಾಥ ಮಂಚ ತೋರಿಸಿದ. ದ್ರಾಕ್ಷಾಯಣಮ್ಮ ಮಲಗಿ, ಕೊಟ್ಟ ರಬ್ಬರ್ ಚೆಂಡನ್ನು ಹಿಸುಕುತ್ತ, ಮುನ್ನೂರೈವತ್ತು ಎಂಎಲ್‌ನ ಚೀಲ ತುಂಬುವುದನ್ನು ಕತ್ತು ತಿರುಗಿಸಿ ನೋಡಿದರು. ಬಕ್ಕೇಶಪ್ಪ ಗೋಡೆ ಪಕ್ಕದ ಬೆಂಚಿನ ಮೇಲೆ ಅವರ ಚಪ್ಪಲಿ ಕಾದುಕೊಂಡು ಕೂತಿದ್ದರು.

‘ಯಾರಿಗೆ ಹೋಗ್ತದಪ್ಪ ಇದು?’

‘ಗೊತ್ತಾಗಲ್ಲಮ್ಮ. ಬೇಕಾದೋರಿಗೆ.’

ಹತ್ತು ನಿಮಿಷ ಮಲಗಿಸಿ, ಆಮೇಲೆ ಕುರ್ಚಿಯಲ್ಲಿ ಕೂರಿಸಿ ಕಾಗದದ ಲೋಟದಲ್ಲಿ ಹಣ್ಣಿನ ರಸ, ಬಿಸ್ಕತ್ತು ಕೊಟ್ಟ. ಅವರು ಬಿಸ್ಕತ್ತನ್ನು ಒಂದೊಂದಾಗಿ ಮುಗಿಸಿದರು. ರಸವನ್ನು ಕೊನೆಯ ಹನಿಯವರೆಗೆ ಕುಡಿದರು. ಮೇಜಿನ ಮೇಲಿದ್ದ ಜಗ್ಗಿನಿಂದ ಲೋಟಕ್ಕೆ ಸ್ವಲ್ಪವೇ ನೀರು ಹಾಕಿ, ತಿರುಗಿಸಿ, ಅದನ್ನೂ ಕುಡಿದರು.

‘ಇನ್ನೊಂದು ಜ್ಯೂಸ್ ಕೊಡ್ಲೇನಮ್ಮ?’ ಎಂದ ಮಂಜುನಾಥ, ಸಾಲಲಿಲ್ಲವೇನೋ ಎಂದುಕೊಂಡು.

ದ್ರಾಕ್ಷಾಯಣಮ್ಮ ಗೋಡೆಯ ಗಡಿಯಾರ ನೋಡಿದರು. ಹನ್ನೊಂದಾಗುತ್ತ ಬಂದಿತ್ತು.

‘ಬ್ಯಾಡಪ್ಪ,’ ಎಂದು ಬಕ್ಕೇಶಪ್ಪನವರ ಕಡೆ ಕೈ ಚಾಚಿದರು. ಅವರು ಜೇಬಿನಿಂದ ಕಾಗದದಲ್ಲಿ ಸುತ್ತಿದ ಎರಡು ಶೇಂಗಾ ಉಂಡೆ ತೆಗೆದುಕೊಟ್ಟರು.